ಚೋಕ್ ಮುಚ್ಚಿಟ್ಟಿದ್ದ ತಪ್ಪು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಚಿಕ್ಕಮ್ಮನ ಫೋನ್ ಬಂತು. "ಹೊಸ ಲೈಟು ಹಾಕ್ಸಿದ್ವಲ್ಲ ಮಾರಾಯ, ಜಗಲೀದು ಆರ್ಸಿದ್ರೂ ಪೂರ್ತಿ ಆರೋದಿಲ್ಲ. ರಾತ್ರಿ ನೀರು ಕುಡಿಯಕ್ಕೆ ಎದ್ರೆ ಮಿಣಿಮಿಣಿ ಅಂತಿರ್ತದೆ. ಅಡುಗೆಮನೇದು ಆರ್ತದೆ, ಆದ್ರೆ ಹಚ್ಚಿದ್ರೆ ಹಳೇ ಟ್ಯೂಬ್‌ಲೈಟಿನ ಹಾಗೇ ಗುಂಯ್ ಅಂತದೆ. ಅಂಗಡಿಯವ ಹಾಳು ಲೈಟು ಕೊಟ್ನಾ?"

ವೈರಿಂಗ್ ಕೆಲಸಕ್ಕೆ ಕೈಹಾಕಿ 20 ವರ್ಷ ದಾಟಿದ ನನಗೆ ಇತ್ತೀಚೆಗೆ ಇಂಥ ಫೋನ್ ವಾರಕ್ಕೊಂದಾದರೂ ಬರುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಬ್ಯಾಟನ್ ಹಾಕುವುದು ಈಗ ಮನೆಮನೆಯ ಕೆಲಸ. ಬ್ಯಾಟನ್ ಪೆಟ್ಟಿಗೆಯಲ್ಲಿ ಎರಡು ಕ್ಲಿಪ್ಪು, ಎರಡು ಸ್ಕ್ರೂ ಇರುತ್ತವೆ. ಲೈಟಿನಿಂದ ಎರಡೇ ವೈರು ಹೊರಗೆ ಬಂದಿರುತ್ತವೆ. ನೋಡಿದವರಿಗೆ ಇಷ್ಟೇ ತಾನೆ ಅನ್ನಿಸುತ್ತದೆ. ಬ್ಯಾಟನ್ ಮಟ್ಟಿಗೆ ಅದು ನಿಜವೂ ಹೌದು. ತೊಡಕು ಇರುವುದು ಗೋಡೆಯ ಮೇಲಿದ್ದ ಹಳೆಯ ಪಟ್ಟಿಯೊಳಗೆ ಮತ್ತು ಗೋಡೆಯಲ್ಲಿ ಓಡಿರುವ ಹಳೆಯ ವೈರಿನಲ್ಲಿ.

ಚಿಕ್ಕಮ್ಮನ ಮನೆಯ ಎರಡೂ ಲೈಟು ಚೆನ್ನಾಗಿಯೇ ಇದ್ದವು. ಅಡುಗೆಮನೆಯ ಗುಂಯ್ ಸದ್ದಿಗೆ ಕಾರಣ ಹಿಂದಿನ ವಾರ ಆದ ತಪ್ಪು. ಜಗಲಿಯ ಮಿಣುಕಿಗೆ ಕಾರಣವಾದ ತಪ್ಪಿಗೆ ಆ ಮನೆಯಷ್ಟೇ ವಯಸ್ಸು, ಸುಮಾರು 40 ವರ್ಷ. ಅಷ್ಟು ಕಾಲವೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾಕೆ ಬೀಳಲಿಲ್ಲ ಎಂಬುದು ಅರ್ಥವಾದರೆ ಟ್ಯೂಬ್‌ಲೈಟ್ ಬದಲಿಸುವಾಗ ಎಲ್ಲಿ ಎಚ್ಚರ ಬೇಕು ಎಂಬುದೂ ಅರ್ಥವಾಗುತ್ತದೆ.

ಹಳೆಯ ಪಟ್ಟಿಯೊಳಗೆ ಏನಿದೆ

4 ಅಡಿಯ ಟ್ಯೂಬನ್ನು ನೇರವಾಗಿ 230 ವೋಲ್ಟಿಗೆ ಕೊಟ್ಟರೆ ಹತ್ತುವುದಿಲ್ಲ. ಅದರೊಳಗಿನ ಅನಿಲದಲ್ಲಿ ಕರೆಂಟ್ ಹರಿಯಲು ಮೊದಲಿಗೆ ಜೋರಾದ ಒಂದು ಹೊಡೆತ ಬೇಕು. ಹತ್ತಿದ ಮೇಲೆ ಕರೆಂಟ್ ಮಿತಿಮೀರಿ ಹರಿಯದಂತೆ ತಡೆಯುವ ಲಗಾಮೂ ಬೇಕು. ಈ ಎರಡೂ ಕೆಲಸ ಚೋಕಿನದು. ಕಬ್ಬಿಣದ ತಗಡುಗಳ ಮೇಲೆ ತಾಮ್ರದ ತಂತಿ ಸುತ್ತಿದ ತೂಕದ ಆ ಡಬ್ಬ ಫೇಸ್ ವೈರಿನ ದಾರಿಯಲ್ಲೇ ಕೂತಿರುತ್ತದೆ.

ಸ್ವಿಚ್ಚಿನಿಂದ ಬಂದ ಫೇಸ್ ಮೊದಲು ಚೋಕಿಗೆ ಹೋಗುತ್ತದೆ. ಚೋಕ್ ದಾಟಿ ಟ್ಯೂಬಿನ ಒಂದು ತುದಿಯ ಒಂದು ಪಿನ್ನಿಗೆ ಬರುತ್ತದೆ. ಅದೇ ತುದಿಯ ಇನ್ನೊಂದು ಪಿನ್ನಿನಿಂದ ಹೊರಟ ವೈರು ಸ್ಟಾರ್ಟರ್ ಮೂಲಕ ಆಚೆ ತುದಿಯ ಒಂದು ಪಿನ್ನಿಗೆ ಸೇರುತ್ತದೆ. ಆ ತುದಿಯಲ್ಲಿ ಉಳಿದ ಪಿನ್ನಿಗೆ ನ್ಯೂಟ್ರಲ್. ಸ್ವಿಚ್ ಹಾಕಿದಾಗ ಸ್ಟಾರ್ಟರಿನ ಒಳಗಿನ ಪತ್ತಿ ಬಿಸಿಯಾಗಿ ಬಾಗಿ ಕೂಡಿಕೊಳ್ಳುತ್ತದೆ, ಟ್ಯೂಬಿನ ಎರಡೂ ತುದಿಯ ಸುರುಳಿ ಕೆಂಪಗಾಗುತ್ತದೆ. ಪತ್ತಿ ತಣ್ಣಗಾಗಿ ಬಿಟ್ಟುಕೊಂಡ ಕ್ಷಣದಲ್ಲಿ ಚೋಕ್ ನೂರಾರು ವೋಲ್ಟಿನ ಒಂದು ಒದೆ ಕೊಡುತ್ತದೆ. ಟ್ಯೂಬ್ ಹತ್ತುತ್ತದೆ. ಎರಡು ಮೂರು ಸಲ ಪಕಪಕ ಎಂದು ಹತ್ತುತ್ತಿದ್ದುದು ಈ ಒದೆಗಾಗಿ ನಡೆಯುತ್ತಿದ್ದ ಪ್ರಯತ್ನ.

ಅಂದರೆ ಪಟ್ಟಿಯೊಳಗೆ ಕಾಣುವ ಐದಾರು ತುಂಡು ವೈರುಗಳಲ್ಲಿ ಮನೆಯ ವೈರು ಎರಡೇ. ಉಳಿದವೆಲ್ಲ ಚೋಕ್, ಸ್ಟಾರ್ಟರ್, ಹೋಲ್ಡರುಗಳ ನಡುವಿನ ಒಳಸಂಬಂಧ. ಬ್ಯಾಟನ್ನಿಗೆ ಇವು ಯಾವುವೂ ಬೇಡ. ಅದರ ಹೊಟ್ಟೆಯಲ್ಲೇ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದೆ. ಅದು 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ, ಎಲ್‌ಇಡಿಗೆ ಬೇಕಾದಷ್ಟೇ ಕರೆಂಟನ್ನು ಅಳೆದು ಕೊಡುತ್ತದೆ. ಡ್ರೈವರಿಗೆ ಬೇಕಾದದ್ದು ನೇರವಾದ ಫೇಸ್ ಮತ್ತು ನೇರವಾದ ನ್ಯೂಟ್ರಲ್, ನಡುವೆ ಬೇರೇನೂ ಇರಕೂಡದು. ಬದಲಾವಣೆಯ ಮೊದಲ ಸೂತ್ರ ಇಷ್ಟೇ: ಹಳೆಯ ಪಟ್ಟಿಯಿಂದ ಯಾವುದನ್ನೂ ಉಳಿಸಿಕೊಳ್ಳಬೇಡಿ. ಗೋಡೆಯಿಂದ ಬಂದ ಎರಡು ವೈರು ಮಾತ್ರ ನಿಮ್ಮವು.

ಅಡುಗೆಮನೆಯ ಗುಂಯ್

ಚಿಕ್ಕಮ್ಮನ ಮಗ ರಜೆಗೆ ಊರಿಗೆ ಬಂದಾಗ ಎರಡೂ ಬ್ಯಾಟನ್ ಹಾಕಿದ್ದ. ಜಗಲಿಯಲ್ಲಿ ಪಟ್ಟಿಯನ್ನೇ ಕಿತ್ತು, ಗೋಡೆಯ ವೈರಿಗೆ ನೇರವಾಗಿ ಜೋಡಿಸಿದ್ದ. ಅಡುಗೆಮನೆಯ ಗೋಡೆ ಮಣ್ಣಿನದು. ಹೊಸ ತೂತು ಕೊರೆದರೆ ಗಿಟ್ಟಿ ನಿಲ್ಲುವುದಿಲ್ಲ ಎಂದು ಹಳೆಯ ಪಟ್ಟಿಯನ್ನು ಹಾಗೇ ಬಿಟ್ಟು, ಅದರ ಮೇಲೇ ಕ್ಲಿಪ್ ಹೊಡೆದಿದ್ದ. ಟ್ಯೂಬು, ಸ್ಟಾರ್ಟರ್ ತೆಗೆದು, ಎರಡೂ ಹೋಲ್ಡರಿನಿಂದ ಒಂದೊಂದು ವೈರು ಕತ್ತರಿಸಿ ಬ್ಯಾಟನ್ನಿಗೆ ಕೊಟ್ಟಿದ್ದ. ಲೈಟ್ ಹತ್ತಿತು. ಹತ್ತಿತಲ್ಲ, ಸರಿಯಾಯಿತು ಎಂದುಕೊಂಡ.

ಆದರೆ ಹೋಲ್ಡರಿಗೆ ಬರುವ ಆ ಎರಡು ವೈರುಗಳಲ್ಲಿ ಒಂದು ಚೋಕ್ ದಾಟಿ ಬಂದದ್ದು. ಪಟ್ಟಿಯ ಮುಚ್ಚಳದೊಳಗೆ ಚೋಕ್ ಇನ್ನೂ ಕೆಲಸದಲ್ಲಿತ್ತು. ಗುಂಯ್ ಎನ್ನುತ್ತಿದ್ದುದು ಬ್ಯಾಟನ್ ಅಲ್ಲ, ಅದು. ಲೈಟನ್ನು ಹತ್ತು ನಿಮಿಷ ಉರಿಸಿ, ಕಿವಿ ಹತ್ತಿರ ಒಯ್ದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಯಿತು. ಹೀಗೆ ಬಿಟ್ಟರೆ ಏನಾಗುತ್ತದೆ? ಪ್ರತಿ ಸಲ ಸ್ವಿಚ್ ಆರಿಸಿದಾಗಲೂ ಚೋಕ್ ತನ್ನ ಹಳೆಯ ಸ್ವಭಾವದಂತೆ ಒದೆಯುತ್ತದೆ. ಒದೆ ತಿನ್ನಲೆಂದೇ ಟ್ಯೂಬ್ ಹುಟ್ಟಿತ್ತು, ಡ್ರೈವರ್ ಹಾಗಲ್ಲ. ಹೀಗೆ ಹಾಕಿದ ಲೈಟು ಕೆಲವು ತಿಂಗಳಿಗೇ ಸತ್ತಾಗ ಎಲ್‌ಇಡಿ ಬಾಳಿಕೆ ಬರುವುದಿಲ್ಲ ಎಂದು ಜನ ಲೈಟಿಗೆ ಬೈಯುತ್ತಾರೆ.

ಇದರ ಜೊತೆಗೆ ಇನ್ನೊಂದು ತಪ್ಪನ್ನೂ ನಾನು ನೋಡಿದ್ದೇನೆ. ಟ್ಯೂಬು, ಸ್ಟಾರ್ಟರ್ ತೆಗೆದ ಮೇಲೆ ಪಟ್ಟಿಯಲ್ಲಿ ತುಂಡು ವೈರುಗಳು ನೇತಾಡುತ್ತವೆ. ಬೇಡವಾದವು ಎಂದು ಅವುಗಳನ್ನು ಒಟ್ಟಿಗೆ ಹೊಸೆದು ಟೇಪ್ ಸುತ್ತುವವರಿದ್ದಾರೆ. ಅದರಲ್ಲಿ ಚೋಕಿನಿಂದ ಬಂದ ವೈರೂ ನ್ಯೂಟ್ರಲ್ಲೂ ಸೇರಿಕೊಂಡರೆ ಅದು ಶಾರ್ಟ್ ಸರ್ಕ್ಯೂಟ್. ವಿಪರೀತವೆಂದರೆ ಈ ಶಾರ್ಟಿಗೆ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ನಡುವೆ ಇರುವ ಚೋಕ್ ಕರೆಂಟಿಗೆ ಲಗಾಮು ಹಾಕಿರುತ್ತದಲ್ಲ! ಅದು ಸದ್ದಿಲ್ಲದೆ ಕಾಯುತ್ತಾ ಹೋಗುತ್ತದೆ. ಮೊದಲು ವಾರ್ನಿಶ್ ಸುಟ್ಟ ವಾಸನೆ, ಆಮೇಲೆ ಕಪ್ಪು ಕಲೆ. ಅಂಥ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟುತ್ತಾ ಕೂರದೆ ಮೇನ್ ಆಫ್ ಮಾಡಿ.

ಅಡುಗೆಮನೆಯಲ್ಲಿ ನಾನು ಪಟ್ಟಿಯನ್ನು ಇಳಿಸಿ, ಚೋಕ್ ಬಿಚ್ಚಿ, ಒಳಗಿನ ವೈರುಗಳನ್ನೆಲ್ಲ ತೆಗೆದೆ. ಮಣ್ಣಿನ ಗೋಡೆಯ ಮಾತು ನಿಜವಾಗಿದ್ದರಿಂದ ಒಂದು ಮರದ ಹಲಗೆಯನ್ನು ಹಳೆಯ ಬೋಲ್ಟಿಗೇ ಕೂರಿಸಿ ಅದರ ಮೇಲೆ ಬ್ಯಾಟನ್ ಕ್ಲಿಪ್ ಹೊಡೆದೆ. ಗೋಡೆಯ ವೈರಿನ ತುದಿ ಚೋಕಿನ ಶಾಖಕ್ಕೆ ಒಣಗಿ, ಬಗ್ಗಿಸಿದರೆ ಸಿಪ್ಪೆ ಉದುರುತ್ತಿತ್ತು. ಮೆತ್ತಗಿನ ಭಾಗ ಸಿಗುವವರೆಗೆ ಕತ್ತರಿಸಿ, ಹೊಸೆದು ಟೇಪ್ ಸುತ್ತುವ ಬದಲು ಸ್ಕ್ರೂ ಇರುವ ಕನೆಕ್ಟರಿಗೆ ಹಾಕಿದೆ. ಗುಂಯ್ ನಿಂತಿತು.

ಜಗಲಿಯ ಮಿಣುಕು

ಜಗಲಿಯ ಲೈಟಿನ ಜೋಡಣೆಯಲ್ಲಿ ತಪ್ಪೇ ಇರಲಿಲ್ಲ. ಎರಡು ವೈರಿಗೆ ಎರಡು ವೈರು. ಆದರೂ ರಾತ್ರಿ ಸ್ವಿಚ್ ಆರಿಸಿದ ಮೇಲೆ ಬ್ಯಾಟನ್ ಉದ್ದಕ್ಕೂ ಬೂದಿ ಮುಚ್ಚಿದ ಕೆಂಡದಷ್ಟು ಬೆಳಕು ಉಳಿಯುತ್ತಿತ್ತು.

ನಾನು ಸ್ವಿಚ್ ಆರಿಸಿಟ್ಟು, ಮೇನ್ ಹಾಗೇ ಇಟ್ಟು, ಒಣ ಮರದ ಸ್ಟೂಲಿನ ಮೇಲೆ ನಿಂತು ಲೈಟಿನ ಕನೆಕ್ಟರಿಗೆ ಟೆಸ್ಟರ್ ಹಿಡಿದೆ. ಒಂದು ಸ್ಕ್ರೂ ಮುಟ್ಟಿದರೂ ಹತ್ತಿತು, ಇನ್ನೊಂದು ಮುಟ್ಟಿದರೂ ಹತ್ತಿತು. ಸ್ವಿಚ್ ಆರಿಸಿದ ಲೈಟಿನಲ್ಲಿ ಎರಡೂ ವೈರು ಜೀವಂತ. ಅಡುಗೆಮನೆಯಲ್ಲೂ ನೋಡಿದೆ, ಅಲ್ಲಿಯೂ ಹಾಗೇ. ಅಲ್ಲಿ ಮಿಣುಕು ಮಾತ್ರ ಕಾಣುತ್ತಿರಲಿಲ್ಲ.

ಕಾರಣ ಇದು. ಸ್ವಿಚ್ ಯಾವಾಗಲೂ ಫೇಸ್ ದಾರಿಯಲ್ಲಿರಬೇಕು. ಆರಿಸಿದರೆ ಲೈಟಿಗೆ ಬರುವ ಕರೆಂಟು ಸ್ವಿಚ್‌ಬೋರ್ಡಿನಲ್ಲೇ ನಿಲ್ಲಬೇಕು. ಈ ಮನೆಯಲ್ಲಿ ಸ್ವಿಚ್ ನ್ಯೂಟ್ರಲ್ ದಾರಿಯಲ್ಲಿ ಕೂತಿತ್ತು. ಆರಿಸಿದಾಗ ಕತ್ತರಿಸುತ್ತಿದ್ದುದು ವಾಪಸ್ ಹೋಗುವ ದಾರಿಯನ್ನು. ಫೇಸ್ ಮಾತ್ರ ಹಗಲೂ ರಾತ್ರಿ ಲೈಟಿನವರೆಗೆ ಬಂದು ನಿಂತಿರುತ್ತಿತ್ತು. ಅದು ಡ್ರೈವರ್ ಮೂಲಕ ಹಾದು ಎರಡನೆಯ ವೈರಿಗೂ ಬರುವುದರಿಂದ ಟೆಸ್ಟರ್ ಎರಡೂ ಕಡೆ ಹತ್ತುತ್ತದೆ.

ವಾಪಸ್ ದಾರಿ ಕಡಿದಿದ್ದರೂ ಮಿಣುಕುವುದು ಹೇಗೆ? ಲೈಟಿನಿಂದ ಸ್ವಿಚ್ಚಿಗೆ ಹೋಗುವ ವೈರು ಬೇರೆ ವೈರುಗಳ ಪಕ್ಕದಲ್ಲೇ, ಮಳೆಗಾಲದ ತೇವದ ಗೋಡೆಯ ಮೇಲೆ ಬಹುದೂರ ಓಡುತ್ತದೆ. ಪಕ್ಕಪಕ್ಕದಲ್ಲಿ ಓಡುವ ವೈರುಗಳು ತಾವೇ ಒಂದು ಸಣ್ಣ ಕೆಪಾಸಿಟರಿನಂತೆ ವರ್ತಿಸಿ ಅತ್ಯಲ್ಪ ಕರೆಂಟನ್ನು ದಾಟಿಸುತ್ತವೆ. ಮಿಲಿ ಆಂಪಿಯರಿನ ಒಂದು ಚೂರು ಸಾಕು, ಎಲ್‌ಇಡಿ ಕಣ್ಣು ತೆರೆಯುತ್ತದೆ. ಕೆಲವು ಬ್ಯಾಟನ್ ಮಂಕಾಗಿ ಉರಿಯುವ ಬದಲು ಕೆಲವು ಸೆಕೆಂಡಿಗೊಮ್ಮೆ ಪಕ್ಕನೆ ಮಿಂಚುತ್ತವೆ. ಆ ಚೂರು ಕರೆಂಟು ಡ್ರೈವರಿನ ಕೆಪಾಸಿಟರಿನಲ್ಲಿ ಹನಿಹನಿಯಾಗಿ ತುಂಬಿ, ಸಾಕಷ್ಟಾದಾಗ ಒಮ್ಮೆಲೇ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಅಡುಗೆಮನೆಯ ಲೈಟು ಬೋರ್ಡಿಗೆ ಹತ್ತಿರ, ವೈರು ಗಿಡ್ಡ. ಅದಕ್ಕೇ ಅಲ್ಲಿ ಕಾಣುತ್ತಿರಲಿಲ್ಲ. ತಪ್ಪು ಮಾತ್ರ ಎರಡೂ ಕಡೆ ಒಂದೇ. ಮಿಣುಕುವುದಿಲ್ಲ ಅಂದ ಮಾತ್ರಕ್ಕೆ ವೈರಿಂಗ್ ಸರಿ ಇದೆ ಎಂದು ಹೇಳಲಾಗದು.

ಹಳೆಯ ಟ್ಯೂಬು ಇದನ್ನು ಯಾಕೆ ತೋರಿಸಲಿಲ್ಲ ಎಂಬುದಕ್ಕೆ ಉತ್ತರ ಮೇಲೆಯೇ ಇದೆ. ಟ್ಯೂಬ್ ಹತ್ತಲು ಸುರುಳಿ ಕೆಂಪಾಗಬೇಕು, ಸ್ಟಾರ್ಟರ್ ಕೂಡಿ ಬಿಡಬೇಕು, ಚೋಕ್ ಒದೆಯಬೇಕು. ತೇವದ ಗೋಡೆಯಲ್ಲಿ ನುಸುಳಿ ಬಂದ ಚೂರು ಕರೆಂಟಿನಿಂದ ಇದರಲ್ಲಿ ಯಾವುದೂ ಆಗದು. ಹಾಗಾಗಿ 40 ವರ್ಷ ಸ್ವಿಚ್ ಆರಿಸಿದಾಗೆಲ್ಲ ಟ್ಯೂಬು ಕಪ್ಪಗೇ ಇತ್ತು, ಫೇಸ್ ಅದರ ಪಿನ್ನಿನ ಮೇಲೇ ಇತ್ತು. ಚಿಕ್ಕಪ್ಪ ಬದುಕಿದ್ದಾಗ ಟ್ಯೂಬ್ ಬದಲಿಸುವಾಗ ಒಂದೆರಡು ಸಲ "ಸ್ವಿಚ್ ಆರ್ಸಿದ್ರೂ ಜುಂ ಅಂತು" ಅಂದಿದ್ದರು ಎಂದು ಚಿಕ್ಕಮ್ಮ ಆಗ ನೆನಪಿಸಿಕೊಂಡರು. ಮಳೆಗಾಲದ ತೇವ ಇರಬೇಕು ಎಂದು ಎಲ್ಲರೂ ಸುಮ್ಮನಾಗಿದ್ದರು.

ಮಿಣುಕಿಗೆ ಇನ್ನೂ ಒಂದೆರಡು ಕಾರಣ ಇರಬಹುದು. ಆರಿಸಿದಾಗ ಸಣ್ಣ ಕೆಂಪು ದೀಪ ಕಾಣುವ ಸ್ವಿಚ್ ನಿಮ್ಮದಾಗಿದ್ದರೆ ಆ ದೀಪದ ಮೂಲಕವೇ ಚೂರು ಕರೆಂಟು ಲೈಟಿಗೆ ಹೋಗುತ್ತಿರುತ್ತದೆ. ದೀಪವಿಲ್ಲದ ಸ್ವಿಚ್ ಹಾಕಿದರೆ ಮುಗಿಯಿತು. ಮೆಟ್ಟಿಲಿಗೆ ಮೇಲೊಂದು ಕೆಳಗೊಂದು ಸ್ವಿಚ್ ಇರುವ ಕಡೆ ಉದ್ದನೆಯ ವೈರುಗಳು ಜೊತೆಯಾಗಿ ಓಡುವುದರಿಂದ ಸರಿಯಾದ ವೈರಿಂಗಿನಲ್ಲೂ ಮಿಣುಕು ಬರಬಹುದು. ಈ ಎರಡರಲ್ಲಿ ಅಪಾಯವಿಲ್ಲ. ನ್ಯೂಟ್ರಲ್ ಸ್ವಿಚ್ಚಿನಲ್ಲಿ ಇದೆ. ಆದ್ದರಿಂದ ಮಿಣುಕು ಕಂಡಾಗ ಲೈಟ್ ಬದಲಿಸಲು ಅಂಗಡಿಗೆ ಓಡುವ ಮೊದಲು ಟೆಸ್ಟರ್ ಹಿಡಿಸಿ ನೋಡಿ.

ತಪ್ಪು ಎಲ್ಲಿಯವರೆಗೆ ಇದೆ

ಫೇಸ್, ನ್ಯೂಟ್ರಲ್ ಅದಲುಬದಲಾಗಿದೆ ಎಂದು ತಿಳಿದ ಮೇಲೆ ಅದು ಒಂದೇ ಪಾಯಿಂಟಿನದೋ, ಒಂದು ಬೋರ್ಡಿನದೋ, ಇಡೀ ಮನೆಯದೋ ಎಂದು ನೋಡಬೇಕು. ಅದಕ್ಕೆ ಮೂರು ಪಿನ್ನಿನ ಸಾಕೆಟ್ ಒಳ್ಳೆಯ ಸಾಕ್ಷಿ. ಮೇಲಿನ ದೊಡ್ಡ ತೂತು ಅರ್ತ್. ಎದುರು ನಿಂತು ನೋಡಿದಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸಾಕೆಟ್ಟಿನ ಸ್ವಿಚ್ ಹಾಕಿದಾಗ ಟೆಸ್ಟರ್ ಬಲಗಡೆ ಹತ್ತಬೇಕು.

ಚಿಕ್ಕಮ್ಮನ ಮನೆಯ ಮಲಗುವ ಕೋಣೆಗಳಲ್ಲಿ ಬಲಗಡೆಯೇ ಹತ್ತಿತು. ಜಗಲಿ ಮತ್ತು ಅಡುಗೆಮನೆಗೆ ಸೇರಿದ ಬೋರ್ಡಿನ ಸಾಕೆಟ್ಟಿನಲ್ಲಿ ಮಾತ್ರ ಎಡಗಡೆ ಹತ್ತಿತು. ಸ್ವಿಚ್ ಆರಿಸಿದರೂ ಹತ್ತಿತು. ಅಲ್ಲಿಗೆ ಊಹೆ ಖಚಿತವಾಯಿತು. ತಪ್ಪು ಆ ಬೋರ್ಡಿಗೆ ಬರುವ ಎರಡು ವೈರಿನಲ್ಲಿದೆ.

ಮೇನ್ ಇಳಿಸಿ ಬೋರ್ಡ್ ಬಿಚ್ಚಿದೆ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದಿದ್ದ ಹಳೆಯ ಕಾಲದ ವೈರಿಂಗ್. ಬಂದ ಎರಡೂ ವೈರಿನ ಬಣ್ಣ ಕಪ್ಪು. ಅಂದು ಎಳೆದವರು ಬೋರ್ಡಿನ ಹತ್ತಿರ ಬಂದಾಗ ಯಾವುದು ಯಾವುದು ಎಂದು ಪರೀಕ್ಷಿಸದೆ ಒಂದನ್ನು ಸ್ವಿಚ್ಚುಗಳ ಸಾಲಿಗೆ, ಇನ್ನೊಂದನ್ನು ನೇರ ಲೈಟುಗಳಿಗೆ ಕೊಟ್ಟಿದ್ದರು. ಲೈಟ್ ಹತ್ತಿತ್ತು, ಕೆಲಸ ಮುಗಿದಿತ್ತು. ನಾನು ಆ ಎರಡನ್ನು ಅದಲುಬದಲು ಮಾಡಿ, ಫೇಸ್ ವೈರಿಗೆ ಕೆಂಪು ಟೇಪ್ ಸುತ್ತಿ, ಬೋರ್ಡ್ ಮುಚ್ಚಿ ಮೇನ್ ಹಾಕಿದೆ. ಸಾಕೆಟ್ಟಿನಲ್ಲಿ ಟೆಸ್ಟರ್ ಬಲಗಡೆ ಹತ್ತಿತು, ಸ್ವಿಚ್ ಆರಿಸಿದರೆ ಎರಡೂ ಕಡೆ ಸುಮ್ಮನಾಯಿತು. ಎರಡೂ ಲೈಟಿನ ಕನೆಕ್ಟರಿನಲ್ಲಿ ಸ್ವಿಚ್ ಆರಿಸಿದಾಗ ಟೆಸ್ಟರ್ ಹತ್ತಲಿಲ್ಲ. ಜಗಲಿಯ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ ನೋಡಿದೆವು. ಲೈಟು ಪೂರ್ತಿ ಆರಿತ್ತು.

ಎಲ್ಲ ಸಾಕೆಟ್ಟಿನಲ್ಲೂ ಎಡಗಡೆಯೇ ಹತ್ತಿದ್ದರೆ ವಿಷಯ ಇನ್ನೂ ಗಂಭೀರ. ಆಗ ಫ್ಯೂಸ್ ಅಥವಾ ಒಂಟಿ ಎಂಸಿಬಿಗಳೂ ನ್ಯೂಟ್ರಲ್ಲಿನಲ್ಲಿರುತ್ತವೆ. ಎಂಸಿಬಿ ಬಿದ್ದರೂ ವೈರಿನಲ್ಲಿ ಫೇಸ್ ಉಳಿದಿರುತ್ತದೆ. ಗಾಳಿಮಳೆಗೆ ಕಂಬದಿಂದ ಬರುವ ವೈರು ಹರಿದು ಮತ್ತೆ ಜೋಡಿಸಿದ ಮೇಲೆ ಹೀಗಾಗಬಹುದು. ಮೀಟರಿಗೆ ಮೊದಲಿನ ವೈರಾದರೆ ಅದು ವಿದ್ಯುತ್ ಕಂಪನಿಯ ಲೈನ್‌ಮನ್ ಮುಟ್ಟಬೇಕಾದದ್ದು, ನಾವಲ್ಲ.

ಮನೆಯವರು ಎಲ್ಲಿಯವರೆಗೆ ಕೈಹಾಕಬಹುದು ಎಂಬ ಗೆರೆಯನ್ನು ನಮ್ಮ ದೇಶದ ವಿದ್ಯುತ್ ಸುರಕ್ಷತಾ ನಿಯಮಗಳೇ ಎಳೆದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಲೈಟಿನ ಫಿಟ್ಟಿಂಗ್ ಇವನ್ನು ಇದ್ದ ಜಾಗದಲ್ಲೇ ಬದಲಿಸಬಹುದು. ವೈರಿಂಗನ್ನೇ ತಿದ್ದುವುದು, ಹೊಸದಾಗಿ ಎಳೆಯುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮತ್ತು ಪರ್ಮಿಟ್ ಇರುವ ವೈರ್‌ಮನ್ ಕೆಲಸ. ಪಟ್ಟಿ ಇಳಿಸಿ ಬ್ಯಾಟನ್ ಹಾಕುವುದು ಗೆರೆಯ ಈಚೆ, ಬೋರ್ಡ್ ಬಿಚ್ಚಿ ಫೇಸ್ ನ್ಯೂಟ್ರಲ್ ಬದಲಿಸುವುದು ಗೆರೆಯ ಆಚೆ.

ನೀವೇ ಬದಲಿಸುವುದಾದರೆ

ಮೊದಲು ಮೇನ್ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು. ಮೇನ್ ಹೋದ ಮರುಕ್ಷಣವೇ ಯುಪಿಎಸ್ ಬ್ಯಾಟರಿಯಿಂದ ಲೈಟ್ ಪಾಯಿಂಟಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಮೇನ್ ಇಳಿಸಿದೆ ಎಂಬ ಧೈರ್ಯದಲ್ಲಿ ವೈರಿಗೆ ಕೈಹಾಕಿ ಪೆಟ್ಟು ತಿಂದವರಿದ್ದಾರೆ.

ಟೆಸ್ಟರನ್ನೂ ಸುಮ್ಮನೆ ನಂಬಬೇಡಿ. ಮೇನ್ ಇಳಿಸುವ ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಅದು ಹತ್ತುತ್ತದೆಯೇ ನೋಡಿ. ಆಮೇಲೆ ಮೇನ್ ಇಳಿಸಿ ಪಟ್ಟಿಯ ಎರಡೂ ವೈರಿಗೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಎಲ್ಲ ವೈರನ್ನೂ ಸತ್ತದ್ದೆಂದೇ ತೋರಿಸುತ್ತದೆ. ಪಕ್ಕದ ವೈರಿನ ಪ್ರಭಾವದಿಂದ ಕರೆಂಟಿಲ್ಲದ ವೈರಿನಲ್ಲೂ ಮಂಕಾಗಿ ಹತ್ತುವುದುಂಟು. ಗೊಂದಲವಾದರೆ ಮಲ್ಟಿಮೀಟರ್ ಇಟ್ಟು ಎರಡು ವೈರಿನ ನಡುವೆ ವೋಲ್ಟೇಜ್ ಅಳೆಯಬೇಕು.

ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ಕೆಳಗಿಳಿಸಿ, ಸ್ಟಾರ್ಟರ್ ತೆಗೆಯಿರಿ, ಪಟ್ಟಿಯ ಮುಚ್ಚಳ ಬಿಚ್ಚಿ. ಏನನ್ನೂ ಕಳಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಗೋಡೆಯಿಂದ ಅಥವಾ ಸೀಲಿಂಗ್ ರೋಸಿನಿಂದ ಪಟ್ಟಿಗೆ ಬಂದ ವೈರು ಎಷ್ಟು ಎಂದು ಎಣಿಸಿ. ಎರಡಿದ್ದರೆ ದಾರಿ ಸುಲಭ. ನಾಲ್ಕಿದ್ದರೆ ಎರಡು ಬಂದದ್ದು, ಎರಡು ಮುಂದಿನ ಲೈಟಿಗೆ ಹೋದದ್ದು. ಹಿಂದೆ ಪಟ್ಟಿಯನ್ನೇ ಜಂಕ್ಷನ್ ಮಾಡಿಕೊಂಡು ಬಚ್ಚಲಿನ ಲೈಟಿಗೆ ವೈರು ಎಳೆದ ಮನೆಗಳು ಬಹಳ. ಯಾವ ವೈರು ಯಾವುದರ ಜೊತೆ ಕೂಡಿತ್ತೋ ಅದೇ ಜೋಡಿಯನ್ನು ಹೊಸ ಕನೆಕ್ಟರಿನಲ್ಲಿ ಉಳಿಸಿಕೊಳ್ಳಿ. ಗೊತ್ತಾಗದಿದ್ದರೆ ಊಹೆಯ ಮೇಲೆ ಜೋಡಿಸದೆ ಅಲ್ಲೇ ನಿಲ್ಲಿಸಿ ವೈರ್‌ಮನ್‌ಗೆ ಹೇಳಿ.

ಆಮೇಲೆ ಗೋಡೆಯ ವೈರನ್ನು ಮಾತ್ರ ಕಳಚಿ, ಚೋಕ್ ಸಮೇತ ಪಟ್ಟಿಯನ್ನೇ ಇಳಿಸಿ. ಬ್ಯಾಟನ್ ವೈರನ್ನು ಜೋಡಿಸುವಾಗ ಬಣ್ಣಕ್ಕೆ ಬಣ್ಣ ಕೂಡಿಸಲು ಹೋಗಬೇಡಿ. ಮನೆ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸಿನ ಬಣ್ಣ, ಕಪ್ಪು ನ್ಯೂಟ್ರಲ್. ಬ್ಯಾಟನ್ನಿನಿಂದ ಹೊರಬಂದ ಕಂದು ಮತ್ತು ನೀಲಿ ವೈರಿನಲ್ಲಾದರೋ ಕಂದು ಫೇಸ್, ನೀಲಿ ನ್ಯೂಟ್ರಲ್. ಗೋಡೆಯ ನೀಲಿಗೂ ಲೈಟಿನ ನೀಲಿಗೂ ಸಂಬಂಧವಿಲ್ಲ. ಬ್ಯಾಟನ್ ಮೇಲೆ ಬರೆದ L ಫೇಸ್, N ನ್ಯೂಟ್ರಲ್. ಅದಲುಬದಲಾದರೂ ಲೈಟ್ ಹತ್ತುತ್ತದೆ, ಆದ್ದರಿಂದ ಹತ್ತಿದ್ದನ್ನೇ ಪ್ರಮಾಣ ಎಂದುಕೊಳ್ಳಬೇಡಿ. ಅಲ್ಯೂಮಿನಿಯಂ ಮೈಯ ಬ್ಯಾಟನ್ನಿನಲ್ಲಿ ಮೂರನೆಯ ಹಸಿರು ವೈರಿದ್ದರೆ ಅದು ಅರ್ತ್. ಅದನ್ನು ಕತ್ತರಿಸಿ ಬಿಡುವಂತಿಲ್ಲ, ನ್ಯೂಟ್ರಲ್ಲಿಗೆ ಸೇರಿಸುವಂತೆಯೂ ಇಲ್ಲ. ಪಾಯಿಂಟಿಗೆ ಅರ್ತ್ ವೈರೇ ಬಂದಿಲ್ಲದ ಹಳೆಯ ಮನೆಯಾದರೆ ಪ್ಲಾಸ್ಟಿಕ್ ಮೈಯ, ಎರಡೇ ವೈರಿನ ಬ್ಯಾಟನ್ ಕೊಳ್ಳುವುದು ಮೇಲು.

ಜೋಡಿಸಿ ಮೇನ್ ಹಾಕಿದ ಮೇಲೆ ಕೆಲಸ ಇನ್ನೂ ಮುಗಿದಿಲ್ಲ. ಲೈಟನ್ನು ಹತ್ತು ನಿಮಿಷ ಉರಿಸಿ ಸದ್ದು, ವಾಸನೆ ಇದೆಯೇ ಗಮನಿಸಿ. ಮೊದಲು ಪಟ್ಟಿಯಿಂದ ಮುಂದಕ್ಕೆ ಹೋಗಿದ್ದ ಲೈಟುಗಳೆಲ್ಲ ಹತ್ತುತ್ತವೆಯೇ ನೋಡಿ. ರಾತ್ರಿ ಕೋಣೆ ಕತ್ತಲು ಮಾಡಿ, ಸ್ವಿಚ್ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬ್ಯಾಟನ್ ಕಡೆ ಒಮ್ಮೆ ನೋಡಿ.

ಪಟ್ಟಿ ಉಳಿಸಿ ಟ್ಯೂಬ್ ಮಾತ್ರ ಬದಲಿಸಿದರೆ

ಪಟ್ಟಿ ಹಾಗೇ ಇಟ್ಟು, ಟ್ಯೂಬಿನ ಆಕಾರದ ಎಲ್‌ಇಡಿಯನ್ನು ಅದೇ ಹೋಲ್ಡರಿಗೆ ಸಿಕ್ಕಿಸುವ ದಾರಿಯೂ ಇದೆ. ಸುಲಭವೆಂದು ಕಾಣುವ ಈ ದಾರಿಯಲ್ಲೇ ತಪ್ಪಿಗೆ ಹೆಚ್ಚು ಅವಕಾಶ. ಕೆಲವು ಟ್ಯೂಬಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಯ ಎರಡು ಪಿನ್ನಿಗೆ ಬರಬೇಕು. ಇನ್ನು ಕೆಲವಕ್ಕೆ ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್. ಮೂರನೆಯ ಬಗೆಯಲ್ಲಿ ಚೋಕ್ ಉಳಿಸಿಕೊಂಡು, ಸ್ಟಾರ್ಟರ್ ಜಾಗಕ್ಕೆ ಅವರೇ ಕೊಟ್ಟ ಫ್ಯೂಸ್ ಇರುವ ಡಮ್ಮಿ ಹಾಕಬೇಕು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಒಂದು ಬಗೆಗೆಂದು ತಿದ್ದಿದ ಪಟ್ಟಿಗೆ ಮುಂದೆ ಯಾರೋ ಇನ್ನೊಂದು ಬಗೆಯ ಟ್ಯೂಬ್ ಸಿಕ್ಕಿಸಿದರೆ ಶಾರ್ಟ್ ಆಗಬಹುದು. ಎರಡು ತುದಿಗೂ ಕರೆಂಟ್ ಕೊಡುವ ಬಗೆಯಲ್ಲಿ ಒಂದು ತುದಿ ಹೋಲ್ಡರಿಗೆ ಕೂತಾಗ ಕೈಯಲ್ಲಿರುವ ಇನ್ನೊಂದು ತುದಿಯ ಪಿನ್ನಿಗೆ ಕರೆಂಟ್ ಬರುವ ಅಪಾಯವಿದೆ. ಇಂಥ ಟ್ಯೂಬನ್ನೇ ಹಾಕುವುದಾದರೆ ಅದರ ಮೈಮೇಲೆ ಅಂಟಿಸಿದ ಚಿತ್ರದಲ್ಲಿರುವಂತೆಯೇ ಮಾಡಿಸಿ, ಪಟ್ಟಿಯ ಮೇಲೆ ಯಾವ ಬಗೆ ಎಂದು ಬರೆದು ಅಂಟಿಸಿ. ಮನೆಗೆ ನಾನು ಯಾವಾಗಲೂ ಬ್ಯಾಟನ್ನನ್ನೇ ಹೇಳುತ್ತೇನೆ. ಅದರಲ್ಲಿ ಮುಂದಿನವರು ಎಡವಲು ಪಟ್ಟಿಯೇ ಉಳಿದಿರುವುದಿಲ್ಲ.

ಇಳಿಸಿದ್ದನ್ನು ಏನು ಮಾಡುವುದು

ಚೋಕಿನಲ್ಲಿ ತಾಮ್ರ ಇರುವುದರಿಂದ ಗುಜರಿಯವರು ಸಂತೋಷದಿಂದ ಒಯ್ಯುತ್ತಾರೆ. ಟ್ಯೂಬಿನೊಳಗೆ ಪಾದರಸ ಇದೆ, ಅದನ್ನು ಒಡೆದು ತಿಪ್ಪೆಗೆ ಹಾಕಬಾರದು. ನಮ್ಮಲ್ಲಿ ಅದು ಇ-ತ್ಯಾಜ್ಯದ ಪಟ್ಟಿಗೆ ಸೇರಿದೆ. ಹೊಸ ಬ್ಯಾಟನ್ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಹಳೆಯ ಟ್ಯೂಬನ್ನು ಇಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಪೊರಕೆಯಲ್ಲಿ ಗುಡಿಸದೆ, ಚೂರುಗಳನ್ನು ರಟ್ಟಿನಿಂದ ಎತ್ತಿ, ನೆಲವನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ.

40 ವ್ಯಾಟಿನ ಹಳೆಯ ಟ್ಯೂಬು ಚೋಕ್ ಸೇರಿ ಸುಮಾರು 52 ವ್ಯಾಟ್ ಎಳೆಯುತ್ತಿತ್ತು. 20 ವ್ಯಾಟಿನ ಬ್ಯಾಟನ್ ಬಂದರೆ ದಿನಕ್ಕೆ 5 ಗಂಟೆ ಉರಿಯುವ ಒಂದು ಲೈಟಿನಲ್ಲಿ ತಿಂಗಳಿಗೆ ಹೆಚ್ಚುಕಡಿಮೆ 5 ಯೂನಿಟ್ ಉಳಿತಾಯ. ಚಿಕ್ಕಮ್ಮ ಲೈಟ್ ಬದಲಿಸಿದ್ದೂ ಅದಕ್ಕೇ. ಹೊರಡುವಾಗ ಅವರು, "ಹಾಗಾದ್ರೆ ಇಷ್ಟು ವರ್ಷ ನಾನು ಆರ್ಸಿದ್ದು ಆರೇ ಇರ್ಲಿಲ್ವಾ?" ಎಂದು ಕೇಳಿದರು. ಬೆಳಕು ಆರಿತ್ತು, ಕರೆಂಟು ಆರಿರಲಿಲ್ಲ ಎಂದೆ. ಅವರು ಸ್ವಿಚ್ಚಿನ ಹತ್ತಿರ ಹೋಗಿ ಒಮ್ಮೆ ಹಾಕಿ, ಒಮ್ಮೆ ಆರಿಸಿ, ತಲೆಯೆತ್ತಿ ಲೈಟನ್ನು ನೋಡಿದರು.